ಪೆನಿಸಿಲಿನ್ ಮತ್ತು 1770ರ ತಗ್ಗು

ಪೆನಿಸಿಲಿನ್ ಕತೆ ಎಲ್ಲರಿಗೂ ಗೊತ್ತಿರುವುದೇ. 1928ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಫ್ಲೆಮಿಂಗ್ ತಟ್ಟೆಯೊಂದರಲ್ಲಿ ಬೂಷ್ಟು ಬೆಳೆದದ್ದು, ಅದರ ಸುತ್ತ ಬ್ಯಾಕ್ಟೀರಿಯಾ ಸತ್ತದ್ದು, ಆಮೇಲೆ ಆಕ್ಸ್‌ಫರ್ಡಿನಲ್ಲಿ ಫ್ಲೋರಿ ಮತ್ತು ಚೈನ್ ಅದನ್ನು ಔಷಧಿಯಾಗಿಸಿದ್ದು. ಹೈಸ್ಕೂಲು ಪಾಠ ಇಲ್ಲಿಗೆ ಮುಗಿಯುತ್ತದೆ. ಆದರೆ ಈ ಕತೆಗೆ ಇನ್ನೊಂದು ಅಧ್ಯಾಯ ಇದೆ. ಔಷಧಿ ಕೈಗೆ ಬಂದಿತ್ತು, ಸೈನಿಕರ ಜೀವ ಉಳಿಸುತ್ತಿತ್ತು, ಆದರೆ ಅದು ಯಾವ ಅಣು ಎಂದೇ ಯಾರಿಗೂ ಗೊತ್ತಿರಲಿಲ್ಲ! ಅದನ್ನು ಕಂಡುಹಿಡಿಯುವ ಜಗಳದಲ್ಲಿ ಒಂದು ಸೊಟ್ಟಂಬಟ್ಟ ಗೆರೆಯ ಚಿತ್ರ ಮುಖ್ಯ ಸಾಕ್ಷಿಯಾಗಿ ನಿಂತಿತು. ಆ ಗೆರೆಯನ್ನು ಹೇಗೆ ಓದಿದರು, ಇವತ್ತು ನಾವು ನೀವು ಹೇಗೆ ಓದಬಹುದು ಎನ್ನುವುದೇ ಈ ಬರಹದ ವಿಷಯ.

ಗೆರೆಯ ಹೆಸರು ಇನ್‌ಫ್ರಾರೆಡ್ ಸ್ಪೆಕ್ಟ್ರಮ್. ನಮ್ಮ ಪಠ್ಯಪುಸ್ತಕದ ಕನ್ನಡದಲ್ಲಿ ಅವಕೆಂಪು ರೋಹಿತ. ನಾನು ರಸಾಯನಶಾಸ್ತ್ರ ಓದಿದವನಲ್ಲ, ಎಂಜಿನಿಯರಿಂಗಿನ ಮೊದಲ ವರ್ಷದ ಕೆಮಿಸ್ಟ್ರಿಗೇ ನಮಸ್ಕಾರ ಹೇಳಿ ಕೋಡ್ ಬರೆಯಲು ಬಂದವನು. ಹಾಗಾಗಿ ನನ್ನಂಥವರಿಗೂ ಅರ್ಥವಾಗುವ ಹಾಗೆ ಬರೆಯುವ ಪ್ರಯತ್ನ ಇದು. ಕೆಮಿಸ್ಟ್ರಿ ಓದಿದವರು ಸ್ವಲ್ಪ ಸಹಿಸಿಕೊಳ್ಳಬೇಕು :)

ಎರಡು ಚಿತ್ರಗಳ ಜಗಳ

1943ರ ಹೊತ್ತಿಗೆ ಇಂಗ್ಲೆಂಡು ಮತ್ತು ಅಮೆರಿಕದ ಹತ್ತಾರು ಪ್ರಯೋಗಾಲಯಗಳು ಪೆನಿಸಿಲಿನ್ ಬೆನ್ನು ಹತ್ತಿದ್ದವು. ಯುದ್ಧಕಾಲವಾದ್ದರಿಂದ ಎಲ್ಲವೂ ಗುಟ್ಟು. ವರದಿಗಳು ಎರಡು ಸರ್ಕಾರಗಳ ನಡುವೆ ಓಡಾಡುತ್ತಿದ್ದವೇ ಹೊರತು ಪತ್ರಿಕೆಗಳಲ್ಲಿ ಅಚ್ಚಾಗುತ್ತಿರಲಿಲ್ಲ. ಬೂಷ್ಟಿನಿಂದ ತೆಗೆದ ಪೆನಿಸಿಲಿನ್ ಸಾಲುತ್ತಿರಲಿಲ್ಲ. ಪ್ರಯೋಗಾಲಯದಲ್ಲೇ ತಯಾರಿಸಬೇಕೆಂದರೆ ಮೊದಲು ಅಣುವಿನ ರಚನೆ ಗೊತ್ತಿರಬೇಕು. ನಕ್ಷೆ ಇಲ್ಲದೆ ಮನೆ ಕಟ್ಟುವುದು ಹೇಗೆ?

ರಚನೆ ತಿಳಿಯಲು ಆಗಿನ ದಾರಿ ಒಂದೇ, ಅಣುವನ್ನು ಒಡೆದು ಚೂರುಗಳನ್ನು ನೋಡುವುದು. ಪೆನಿಸಿಲಿನ್ನನ್ನು ಆಮ್ಲದಲ್ಲಿ ಕುದಿಸಿದರೆ ಗಂಧಕ ಇರುವ ಪೆನಿಸಿಲಮಿನ್ ಎಂಬ ಚೂರು ಸಿಗುತ್ತಿತ್ತು, ಜೊತೆಗೆ ಒಂದು ಆಲ್ಡಿಹೈಡ್ ಮತ್ತು ಕಾರ್ಬನ್ ಡೈ ಆಕ್ಸೈಡ್. ಅಂದಹಾಗೆ ಪೆನಿಸಿಲಿನ್ನಿನಲ್ಲಿ ಗಂಧಕ ಇದೆ ಅನ್ನುವುದೇ ಗೊತ್ತಾದದ್ದು 1943ರಲ್ಲಿ. ಅದಕ್ಕೂ ಮುಂಚಿನ ವಿಶ್ಲೇಷಣೆಗಳಲ್ಲಿ ಅದು ತಪ್ಪಿಹೋಗಿತ್ತು.

ಚೂರುಗಳು ಸಿಕ್ಕವು ಸರಿ, ಅವು ಒಡೆಯುವ ಮುಂಚೆ ಹೇಗೆ ಜೋಡಿಕೊಂಡಿದ್ದವು? ಇಲ್ಲಿ ಎರಡು ಪಕ್ಷಗಳಾದವು.

ಆಕ್ಸ್‌ಫರ್ಡಿನ ರಾಬರ್ಟ್ ರಾಬಿನ್ಸನ್ ಆ ಕಾಲದ ದೊಡ್ಡ ಹೆಸರು. ಅವರ ಚಿತ್ರದಲ್ಲಿ ಐದೈದು ಪರಮಾಣುಗಳ ಎರಡು ಉಂಗುರಗಳು, ನಡುವೆ ಒಂದೇ ಒಂದು ಬಂಧ. ಒಂದು ಉಂಗುರದಲ್ಲಿ ಗಂಧಕ ಮತ್ತು ಸಾರಜನಕ, ಅದಕ್ಕೆ ಥಯಾಝೋಲಿಡಿನ್ ಎಂದು ಹೆಸರು. ಇನ್ನೊಂದರಲ್ಲಿ ಆಮ್ಲಜನಕ ಮತ್ತು ಸಾರಜನಕ, ಅದು ಆಕ್ಸಾಝೋಲೋನ್. ಹೆಸರು ನೆನಪಿಡುವುದು ಕಷ್ಟವಾದರೆ ಇದನ್ನು "ಬಿಡಿ ಉಂಗುರಗಳ ಚಿತ್ರ" ಅನ್ನೋಣ.

ಅದೇ ಆಕ್ಸ್‌ಫರ್ಡಿನ ಎಡ್ವರ್ಡ್ ಅಬ್ರಹಾಂ ಮತ್ತು ಅರ್ನ್ಸ್ಟ್ ಚೈನ್ 1943ರ ಅಕ್ಟೋಬರಿನಲ್ಲಿ ಬೇರೆಯೇ ಚಿತ್ರ ಕೊಟ್ಟರು. ಗಂಧಕದ ಐದರ ಉಂಗುರ ಇದರಲ್ಲೂ ಇದೆ. ಆದರೆ ಅದರ ಪಕ್ಕಕ್ಕೆ ಅಂಟಿಕೊಂಡು, ಒಂದು ಬದಿಯನ್ನು ಹಂಚಿಕೊಂಡು, ನಾಲ್ಕೇ ಪರಮಾಣುಗಳ ಒಂದು ಪುಟ್ಟ ಚೌಕ. ಮೂರು ಕಾರ್ಬನ್ ಒಂದು ಸಾರಜನಕ. ಇದೇ ಬೀಟಾ ಲ್ಯಾಕ್ಟಮ್. ಇದು "ಬೆಸೆದ ಚೌಕದ ಚಿತ್ರ".

ಎರಡೂ ಚಿತ್ರಗಳಲ್ಲಿ ಪರಮಾಣುಗಳ ಲೆಕ್ಕ ಒಂದೇ. ಬೆಂಝೈಲ್ ಪೆನಿಸಿಲಿನ್ ಆದರೆ C₁₆H₁₈N₂O₄S. ತಕ್ಕಡಿಯಲ್ಲಿ ತೂಗಿ, ಸುಟ್ಟು ಲೆಕ್ಕ ಹಾಕಿ ಇದನ್ನು ತೀರ್ಮಾನ ಮಾಡುವಂತಿರಲಿಲ್ಲ.

ರಾಬಿನ್ಸನ್ ಪಕ್ಷದ ವಾದವೂ ಗಟ್ಟಿಯೇ ಇತ್ತು. ಪೆನಿಸಿಲಿನ್ ನೀರು, ಆಲ್ಕೊಹಾಲು, ಅಮೀನು ಏನು ಸಿಕ್ಕರೂ ತಕ್ಷಣ ಒಡೆಯುತ್ತದೆ, ಆಕ್ಸಾಝೋಲೋನ್‌ಗಳ ಸ್ವಭಾವವೂ ಅದೇ. ಅಲ್ಲಿಯವರೆಗೆ ಗೊತ್ತಿದ್ದ ಬೀಟಾ ಲ್ಯಾಕ್ಟಮ್‌ಗಳಾದರೋ ಮೊಂಡು, ಸುಲಭಕ್ಕೆ ಜಗ್ಗುತ್ತಿರಲಿಲ್ಲ. ಆದರೆ ಅಬ್ರಹಾಂ ಮತ್ತು ಚೈನ್ ಒಂದು ಎಡವಟ್ಟನ್ನು ಎತ್ತಿ ತೋರಿಸಬಲ್ಲವರಾಗಿದ್ದರು. ಬಿಡಿ ಉಂಗುರಗಳ ಚಿತ್ರ ನಿಜವಾದರೆ ಗಂಧಕದ ಉಂಗುರದಲ್ಲಿರುವ ಸಾರಜನಕ ಸ್ವತಂತ್ರವಾಗಿರುತ್ತದೆ, ಅದು ಪ್ರತ್ಯಾಮ್ಲದ ಹಾಗೆ ವರ್ತಿಸಬೇಕು. ಪೆನಿಸಿಲಿನ್ ಹಾಗೆ ವರ್ತಿಸುತ್ತಿರಲಿಲ್ಲ. ಆಕ್ಸ್‌ಫರ್ಡಿನಲ್ಲಿದ್ದ ಯುವ ರಸಾಯನಶಾಸ್ತ್ರಜ್ಞ ಜಾನ್ ಕಾರ್ನ್‌ಫೋರ್ತ್, ಬೀಟಾ ಲ್ಯಾಕ್ಟಮ್ಮೇ ಸರಿ ಅಂತಾದರೆ ತಾನು ಕೆಮಿಸ್ಟ್ರಿ ಬಿಟ್ಟು ಅಣಬೆ ಬೆಳೆಯುತ್ತೇನೆ ಎಂದಿದ್ದರಂತೆ. ಜಗಳದ ಕಾವು ಎಷ್ಟಿತ್ತು ಎನ್ನುವುದಕ್ಕೆ ಈ ಕತೆಯನ್ನು ಈಗಲೂ ಹೇಳುತ್ತಾರೆ.

ಗೆರೆ ಎಲ್ಲಿಂದ ಬಂತು?

ಅಣುವನ್ನು ಒಡೆಯದೆ ಒಳಗೆ ಇಣುಕುವ ಉಪಾಯ ಬೇಕಿತ್ತು. ಅದು ಭೌತಶಾಸ್ತ್ರಜ್ಞರ ಹತ್ತಿರ ಸುಮಾರು ನಲವತ್ತು ವರ್ಷದಿಂದ ಕೂತಿತ್ತು!

ಅಮೆರಿಕದ ವಿಲಿಯಂ ಕೋಬ್ಲೆಂಟ್ಝ್ 1900ರ ದಶಕದ ಆರಂಭದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೂತು ನೂರಕ್ಕೂ ಹೆಚ್ಚು ವಸ್ತುಗಳ ಮೂಲಕ ಇನ್‌ಫ್ರಾರೆಡ್ ಬೆಳಕು ಹಾಯಿಸಿ, ಯಾವ ಅಲೆಯನ್ನು ಎಷ್ಟು ಹೀರುತ್ತವೆ ಎಂದು ಅಳೆದರು. ಬೆಳಕನ್ನು ಬಿಡಿಸಲು ಉಪ್ಪಿನ ಹರಳಿನ ಪಟ್ಟಕ. ಗಾಜು ಈ ಬೆಳಕನ್ನು ಬಿಡುವುದಿಲ್ಲ, ನಮ್ಮ ಅಡಿಗೆ ಉಪ್ಪು ಬಿಡುತ್ತದೆ. ಒಂದೊಂದು ಅಲೆಯುದ್ದಕ್ಕೂ ಉಪಕರಣವನ್ನು ಕೈಯಲ್ಲಿ ತಿರುಗಿಸಿ, ಮುಳ್ಳು ನಿಂತ ಮೇಲೆ ಓದಿ, ಬರೆದುಕೊಂಡು, ಚುಕ್ಕಿ ಚುಕ್ಕಿಯಾಗಿ ಗೆರೆ ಎಳೆಯಬೇಕಿತ್ತು. 1905ರಲ್ಲಿ ಅದೆಲ್ಲ ಪುಸ್ತಕವಾಗಿ ಬಂತು. ಬೇರೆ ಬೇರೆ ಅಣುಗಳಲ್ಲಿ ಒಂದೇ ಬಗೆಯ ಗುಂಪು ಇದ್ದರೆ ಅವು ಒಂದೇ ಜಾಗದಲ್ಲಿ ಬೆಳಕು ಹೀರುತ್ತವೆ ಎನ್ನುವುದು ಅವರ ಕಣ್ಣಿಗೆ ಬಿದ್ದಿತ್ತು. ಆದರೂ ರಸಾಯನಶಾಸ್ತ್ರಜ್ಞರು ಬಹುಕಾಲ ಅತ್ತ ತಲೆ ಹಾಕಲಿಲ್ಲ. ಒಂದು ಗೆರೆಗೆ ಅಷ್ಟು ಹೊತ್ತು ಯಾರು ಕೂರುತ್ತಾರೆ?

ಯುದ್ಧ ಇದನ್ನು ಬದಲಿಸಿತು. ಅಮೆರಿಕಕ್ಕೆ ಕೃತಕ ರಬ್ಬರು ಬೇಕಿತ್ತು, ಅದರ ಕಚ್ಚಾವಸ್ತುವಿನ ಶುದ್ಧತೆಯನ್ನು ಬೇಗ ಅಳೆಯಬೇಕಿತ್ತು. 1942ರಲ್ಲಿ ಬೆಕ್‌ಮನ್ ಕಂಪನಿಯ ಇನ್‌ಫ್ರಾರೆಡ್ ಉಪಕರಣ ಬಂತು, 1944ರಲ್ಲಿ ಪರ್ಕಿನ್ ಎಲ್ಮರ್ ಕಂಪನಿಯದು. ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡಿನ ಹೆರಾಲ್ಡ್ ಥಾಂಪ್ಸನ್, ಕೇಂಬ್ರಿಜ್ಜಿನ ಗಾರ್ಡನ್ ಸದರ್‌ಲ್ಯಾಂಡ್ ಇದೇ ವಿದ್ಯೆಯಿಂದ, ಹೊಡೆದುರುಳಿಸಿದ ಜರ್ಮನ್ ವಿಮಾನಗಳ ಪೆಟ್ರೋಲಿನಲ್ಲಿ ಏನಿದೆ ಎಂದು ಪತ್ತೆ ಮಾಡುತ್ತಿದ್ದರು. (ಈ ಥಾಂಪ್ಸನ್ ಮುಂದೆ 1976ರಿಂದ 1981ರವರೆಗೆ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾಗಿದ್ದರು ಎನ್ನುವುದು ಸುಮ್ಮನೆ ಮಾಹಿತಿಗೆ.) ಅಮೆರಿಕದಲ್ಲಿ ಶೆಲ್ ಕಂಪನಿಯ ಪ್ರಯೋಗಾಲಯ, ಮಿಶಿಗನ್ ವಿಶ್ವವಿದ್ಯಾಲಯ ಮುಂತಾದ ಕಡೆ ಇಂಥ ಜನ ಇದ್ದರು. ಪೆನಿಸಿಲಿನ್ ಜಗಳ ಇವರ ಮೇಜಿಗೆ ಬಂತು.

ಮೊದಲು ಅಳತೆಪಟ್ಟಿ ಓದಿ

ಈಗ ಒಂದು ಸ್ಪೆಕ್ಟ್ರಮ್ ಚಿತ್ರ ನಿಮ್ಮ ಮುಂದೆ ಇದೆ ಅಂದುಕೊಳ್ಳಿ. ಗೆರೆ ಮೇಲ್ಗಡೆ ಚಪ್ಪಟೆಯಾಗಿ ಹೋಗುತ್ತ ಅಲ್ಲಲ್ಲಿ ಬಾವಿಗೆ ಬಿದ್ದ ಹಾಗೆ ಕೆಳಗೆ ಇಳಿದಿರುತ್ತದೆ. ಪೀಕ್ ಅನ್ನುತ್ತಾರೆ, ಕಾಣುವುದು ಮಾತ್ರ ತಗ್ಗು. ಕಾರಣ ಸರಳ. ಎಡಬದಿಯ ಅಳತೆ ಎಷ್ಟು ಬೆಳಕು ದಾಟಿತು ಎಂಬುದರದ್ದು. ಅಣು ಬೆಳಕು ನುಂಗಿದ ಕಡೆ ಗೆರೆ ಇಳಿಯುತ್ತದೆ.

ಕೆಳಗಿನ ಅಳತೆ ಅಲೆಸಂಖ್ಯೆ, cm⁻¹ ಎಂದು ಬರೆದಿರುತ್ತದೆ. ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಹಿಡಿಸುತ್ತವೆ ಎಂಬ ಲೆಕ್ಕ. ಎಡಕ್ಕೆ 4000, ಬಲಕ್ಕೆ 400, ಅಂದರೆ ಉಲ್ಟಾ. ಯುದ್ಧಕಾಲದ ಚಿತ್ರಗಳಲ್ಲಿ ಸಾಮಾನ್ಯವಾಗಿ ಮೈಕ್ರಾನ್ ಇರುತ್ತಿತ್ತು. ಪರಿವರ್ತನೆ ಸುಲಭ, 10000ವನ್ನು ಮೈಕ್ರಾನಿನಿಂದ ಭಾಗಿಸಿ. 5.65 ಮೈಕ್ರಾನ್ ಅಂದರೆ 1770.

ಇಲ್ಲೊಂದು ಹಳ್ಳ ಇದೆ, ಜೋಪಾನ. ಅಚ್ಚಾದ ಎಷ್ಟೋ ಚಿತ್ರಗಳಲ್ಲಿ 2000ದ ಹತ್ತಿರ ಅಳತೆ ಬದಲಾಗುತ್ತದೆ. ಎಡಗಡೆ ಮುಖ್ಯ ವಿಷಯ ಕಡಿಮೆ ಎಂದು ಅದನ್ನು ಒತ್ತಿ ಚಿಕ್ಕದು ಮಾಡಿ, ಬಲಗಡೆಯನ್ನು ಹಿಗ್ಗಿಸಿರುತ್ತಾರೆ. ಒಂದು ಲೆಕ್ಕ ನೋಡೋಣ. ಚಿತ್ರದಲ್ಲಿ 4000 ಎಂಬ ಗುರುತು 60ನೇ ಪಿಕ್ಸೆಲ್‌ನಲ್ಲಿ, 2000 ಎಂಬುದು 300ರಲ್ಲಿ, 400 ಎಂಬುದು 780ರಲ್ಲಿ ಇದೆ ಅನ್ನಿ. ನಮ್ಮ ತಗ್ಗು 368ನೇ ಪಿಕ್ಸೆಲ್‌ನಲ್ಲಿದೆ. ಬಲಗಡೆ 480 ಪಿಕ್ಸೆಲ್‌ಗೆ 1600, ಅಂದರೆ ಒಂದು ಪಿಕ್ಸೆಲ್‌ಗೆ 3.33. ಹಾಗಾಗಿ

```
2000 - (368 - 300) * 3.33 = 1773.6
```

ಇದರ ಬದಲು ಎರಡು ತುದಿಗಳನ್ನಷ್ಟೇ ನೋಡಿ ಇಡೀ ಚಿತ್ರಕ್ಕೆ ಒಂದೇ ಅಳತೆ ಎಂದುಕೊಂಡರೆ ಒಂದು ಪಿಕ್ಸೆಲ್‌ಗೆ 5 ಆಗಿ, ಉತ್ತರ 2460 ಬರುತ್ತದೆ! ಕಾರ್ಬನ್ ಆಮ್ಲಜನಕದ ಜೋಡಿಬಂಧ ಹೋಗಿ ಇನ್ನೇನೋ ಆಗಿಬಿಡುತ್ತದೆ. ಆದ್ದರಿಂದ ತಗ್ಗಿನ ಎರಡೂ ಪಕ್ಕದ ಗುರುತುಗಳನ್ನು ನೋಡಿ, ಅವೆರಡರ ನಡುವೆ ಮಾತ್ರ ಲೆಕ್ಕ ಹಾಕಬೇಕು. ಇನ್ನೊಂದು ವಿಷಯ. ಒಂದು ಪಿಕ್ಸೆಲ್ ಆಚೀಚೆ ಆದರೆ 3 ಅಂಕೆ ವ್ಯತ್ಯಾಸ. ಇಂಥ ಚಿತ್ರದಿಂದ 1770 ಮತ್ತು 1740 ಬೇರೆ ಎಂದು ಧೈರ್ಯವಾಗಿ ಹೇಳಬಹುದು, ಒಂಬತ್ತು ಪಿಕ್ಸೆಲ್ ಅಂತರ ಇದೆ. 1770 ಮತ್ತು 1773 ಬೇರೆ ಎಂದು ಹೇಳುವ ಹಾಗಿಲ್ಲ.

ಕಾರ್ಬೊನಿಲ್ ಎಂಬ ತಂತಿ

ಪೆನಿಸಿಲಿನ್ ಜಗಳ ಪೂರ್ತಿ ನಡೆದದ್ದು ಸ್ಪೆಕ್ಟ್ರಮ್ಮಿನ ಒಂದು ಚಿಕ್ಕ ಕಿಟಕಿಯಲ್ಲಿ, 1850ರಿಂದ 1500ರವರೆಗೆ. ಉಳಿದದ್ದನ್ನು ಸದ್ಯಕ್ಕೆ ಬಿಡೋಣ. ಇದು ಮುಖ್ಯವಾಗಿ C=O ಜೋಡಿಬಂಧದ ಕಿಟಕಿ. ಈ ಗುಂಪಿಗೆ ಕಾರ್ಬೊನಿಲ್ ಎಂದು ಹೆಸರು.

ಬಂಧ ಅಂದರೆ ಎರಡು ತೂಕಗಳ ನಡುವಿನ ಸ್ಪ್ರಿಂಗ್ ಇದ್ದ ಹಾಗೆ. ವೀಣೆಯ ತಂತಿಯನ್ನು ನೆನೆಸಿಕೊಳ್ಳಿ, ಬಿಗಿ ಮಾಡಿದರೆ ಶ್ರುತಿ ಏರುತ್ತದೆ, ದಪ್ಪ ತಂತಿಯಾದರೆ ಇಳಿಯುತ್ತದೆ. ಇಲ್ಲೂ ಅಷ್ಟೇ, ಬಂಧ ಬಿಗಿಯಾದಷ್ಟೂ ಅಲೆಸಂಖ್ಯೆ ಮೇಲೆ, ಪರಮಾಣು ಭಾರವಾದಷ್ಟೂ ಕೆಳಗೆ. ಕಾರ್ಬನ್ 12, ಆಮ್ಲಜನಕ 16 ಎಂದು ಹಾಕಿ, C=O ಸ್ಪ್ರಿಂಗಿನ ಬಿಗಿತ ಮೀಟರಿಗೆ ಸುಮಾರು 1200 ನ್ಯೂಟನ್ ಎಂದು ಹಾಕಿದರೆ ಪಿಯುಸಿ ಸೂತ್ರದಲ್ಲೇ 1720ರ ಆಸುಪಾಸು ಬರುತ್ತದೆ. ನಿಜದ ಕೀಟೋನ್‌ಗಳು ಹೀರುವುದೂ 1715ರ ಹತ್ತಿರವೇ.

ಸ್ವಾರಸ್ಯ ಇರುವುದು ಅಕ್ಕಪಕ್ಕದವರಿಂದ ಈ ಶ್ರುತಿ ಹೇಗೆ ಬದಲಾಗುತ್ತದೆ ಎಂಬುದರಲ್ಲಿ. ಕಾರ್ಬೊನಿಲ್ ಪಕ್ಕ ಸಾರಜನಕ ಬಂದರೆ ಅದು ಅಮೈಡ್. ಸಾರಜನಕ ತನ್ನ ಎಲೆಕ್ಟ್ರಾನ್ ಜೋಡಿಯನ್ನು ಕಾರ್ಬೊನಿಲ್ ಕಡೆ ಸ್ವಲ್ಪ ಜಾರಿಸುತ್ತದೆ, ಜೋಡಿಬಂಧ ಸಡಿಲವಾಗುತ್ತದೆ, ಶ್ರುತಿ 1650ರಿಂದ 1690ಕ್ಕೆ ಇಳಿಯುತ್ತದೆ. ಆಮ್ಲಜನಕ ಬಂದು ಎಸ್ಟರ್ ಆದರೆ 1740ರ ಹತ್ತಿರಕ್ಕೆ ಏರುತ್ತದೆ. ಆಮ್ಲವೇ ಲವಣವಾಗಿ ಬದಲಾದರೆ ಎರಡು ಆಮ್ಲಜನಕಗಳೂ ಸಮಪಾಲು ಹಂಚಿಕೊಂಡು 1600ರ ಹತ್ತಿರಕ್ಕೆ ಕುಸಿಯುತ್ತದೆ.

ಇನ್ನೊಂದು ನಿಯಮ ಉಂಗುರದ್ದು. ಕಾರ್ಬೊನಿಲ್ಲಿನ ಕಾರ್ಬನ್ನು ಆರರ ಉಂಗುರದಲ್ಲಿದ್ದರೆ 1715, ಐದರ ಉಂಗುರದಲ್ಲಿ 1745, ನಾಲ್ಕರ ಉಂಗುರದಲ್ಲಿ 1780. ಪ್ರತಿ ಮೆಟ್ಟಿಲಿಗೆ ಮೂವತ್ತು ಚಿಲ್ಲರೆ. ಚಿಕ್ಕ ಉಂಗುರದಲ್ಲಿ ಕೋನ ಕಿರಿದಾಗಿರುವುದರಿಂದ, ಕಾರ್ಬನ್ ಆಮ್ಲಜನಕದಿಂದ ದೂರ ಸರಿಯುವಾಗ ಉಂಗುರದ ಎರಡು ಬಂಧಗಳನ್ನು ಹೆಚ್ಚು ನೇರವಾಗಿ ತಳ್ಳಬೇಕಾಗುತ್ತದೆ. ಆ ಪ್ರತಿರೋಧವೂ ಸೇರಿ ಸ್ಪ್ರಿಂಗ್ ಬಿಗಿಯಾದಂತೆ ಕಾಣುತ್ತದೆ. ಅಮೈಡ್‌ಗಳಲ್ಲೂ ಇದೇ ಮೆಟ್ಟಿಲು. ಆರರ ಉಂಗುರದಲ್ಲಿ 1670, ಐದರಲ್ಲಿ 1700, ನಾಲ್ಕರಲ್ಲಿ, ಅಂದರೆ ಬೀಟಾ ಲ್ಯಾಕ್ಟಮ್‌ನಲ್ಲಿ, 1745ರ ಆಸುಪಾಸು.

ಸಾಕು, ಜಗಳ ಬಿಡಿಸಲು ಇಷ್ಟೇ ಸಾಮಾನು.

ಸಾಕ್ಷಿಯ ವಿಚಾರಣೆ

ಪೆನಿಸಿಲಿನ್ನಿನ ಸೋಡಿಯಂ ಲವಣವನ್ನು ತೆಗೆದುಕೊಂಡು ಗೆರೆ ಎಳೆದಾಗ ಆ ಕಿಟಕಿಯಲ್ಲಿ ಕಾಣುವುದು ನಾಲ್ಕು ತಗ್ಗು. ಸುಮಾರು 1770, 1680ರ ಆಸುಪಾಸು, 1600 ಚಿಲ್ಲರೆ, ಮತ್ತು 1510ರ ಹತ್ತಿರ. ಒಂದೊಂದಾಗಿ ಕರೆದು ವಿಚಾರಿಸೋಣ.

ಮೊದಲು 1600 ಚಿಲ್ಲರೆ. ಇದು ಆಮ್ಲದ ಲವಣ ಇರಬೇಕೆಂದು ಊಹೆ. ಊಹೆಯನ್ನು ಪರೀಕ್ಷಿಸುವ ದಾರಿ ಬಹಳ ಚಂದ. ಲವಣದ ಬದಲು ಪೆನಿಸಿಲಿನ್ನಿನ ಮೀಥೈಲ್ ಎಸ್ಟರ್ ತೆಗೆದುಕೊಂಡು ಇನ್ನೊಂದು ಗೆರೆ ಎಳೆಯಿರಿ. 1600ರ ತಗ್ಗು ಮಾಯವಾಗಿ 1740ರಲ್ಲಿ ಹೊಸತೊಂದು ಹುಟ್ಟುತ್ತದೆ. ಉಳಿದ ಮೂರು ಹೆಚ್ಚುಕಡಿಮೆ ಅಲ್ಲೇ ಇರುತ್ತವೆ. ಹಾಗಾದರೆ ಜಾಗ ಬದಲಿಸಿದ್ದು ಆಮ್ಲದ ಗುಂಪು. ಎರಡೂ ಚಿತ್ರಗಳಲ್ಲಿ ಆ ಗುಂಪು ಇರುವುದರಿಂದ ಅದು ಯಾರ ಪರವೂ ಸಾಕ್ಷಿ ಹೇಳುವುದಿಲ್ಲ. ಅದನ್ನು ಪಕ್ಕಕ್ಕೆ ಕೂರಿಸಿ.

ಮುಂದಿನದು 1770. ರಾಬಿನ್ಸನ್ ಚಿತ್ರ ಸರಿಯಾಗಿದ್ದರೆ ಏನು ಬರಬೇಕು? ಪ್ರಯೋಗಾಲಯದಲ್ಲಿ ತಯಾರಿಸಿದ ಆಕ್ಸಾಝೋಲೋನ್‌ಗಳನ್ನು ನೋಡಿದರೆ ಅವುಗಳ ಕಾರ್ಬೊನಿಲ್ 1820ರ ಆಸುಪಾಸು ಹೀರುತ್ತದೆ. ಪೆನಿಸಿಲಿನ್ ಅದಕ್ಕಿಂತ 50 ಕೆಳಗಿದೆ. ಹಾಗಾದರೆ ಬೀಟಾ ಲ್ಯಾಕ್ಟಮ್ ಗೆದ್ದಿತೇ? ಸ್ವಲ್ಪ ತಾಳಿ. ಸಾದಾ ಬೀಟಾ ಲ್ಯಾಕ್ಟಮ್ 1745ರ ಹತ್ತಿರ, ಪೆನಿಸಿಲಿನ್ ಅದಕ್ಕಿಂತ 25 ಮೇಲೆ. ಅಂದರೆ 1770 ಇಬ್ಬರಿಗೂ ಸರಿಹೊಂದುವುದಿಲ್ಲ! ಈ ಒಂದು ತಗ್ಗನ್ನಷ್ಟೇ ಹಿಡಿದು ಯಾರೂ ಗೆಲ್ಲುವಂತಿರಲಿಲ್ಲ.

ಇನ್ನು 1680. ಅಬ್ರಹಾಂ ಮತ್ತು ಚೈನ್ ಚಿತ್ರದಲ್ಲಿ ಅಣುವಿನ ಬಾಲದ ಕಡೆ ಒಂದು ಸಾಮಾನ್ಯ ಅಮೈಡ್ ಇದೆ, –CO–NH– ಎಂಬ ತುಂಡು. ಅದಕ್ಕೆ 1680 ಸರಿಯಾಗಿ ಕೂರುತ್ತದೆ. ಆದರೆ ರಾಬಿನ್ಸನ್ ಪಕ್ಷವೂ ಸುಮ್ಮನಿರಬೇಕಿಲ್ಲ. ಆಕ್ಸಾಝೋಲೋನ್ ಉಂಗುರದಲ್ಲಿ C=N ಎಂಬ ಜೋಡಿಬಂಧ ಇದೆ, ಅದೂ 1670ರ ಆಸುಪಾಸೇ ಹೀರುತ್ತದೆ. ಒಂದೇ ಜಾಗಕ್ಕೆ ಇಬ್ಬರು ಹಕ್ಕುದಾರರು. ಈ ಸಾಕ್ಷಿಯೂ ತೂಗುಯ್ಯಾಲೆ.

ಕೊನೆಯದು 1510. ನೋಡಲು ಅಂಥ ಗಮನ ಸೆಳೆಯದ ಈ ತಗ್ಗೇ ನಿಜವಾದ ಸಾಕ್ಷಿ. –CO–NH– ತುಂಡು ಸರಪಳಿಯಾಗಿ ಇದ್ದಾಗ, ಅದರ N–H ಬಾಗುವುದೂ C–N ಹಿಗ್ಗುವುದೂ ಕೂಡಿ 1510ರಿಂದ 1550ರ ನಡುವೆ ಒಂದು ಬಲವಾದ ತಗ್ಗು ಕೊಡುತ್ತದೆ. ಈಗಿನ ಪುಸ್ತಕಗಳಲ್ಲಿ ಇದಕ್ಕೆ ಅಮೈಡ್ ಎರಡು ಎಂದು ಹೆಸರು. ರಾಬಿನ್ಸನ್ ಚಿತ್ರದಲ್ಲಿ ಇಂಥ ತುಂಡೇ ಇಲ್ಲ. ಅಲ್ಲಿ ಅಮೈಡಿನ ಸಾರಜನಕ ಉಂಗುರದೊಳಗೆ C=N ಆಗಿ ಕೂತಿದೆ, ಅದರ ಮೇಲೆ ಹೈಡ್ರೋಜನ್ನೇ ಇಲ್ಲ. ಗಂಧಕದ ಉಂಗುರದಲ್ಲಿ ಒಂದು N–H ಇದೆ ನಿಜ, ಆದರೆ ಅದು ಅಮೈಡ್ ಅಲ್ಲ, ಅಲ್ಲಿಂದ ಇಷ್ಟು ಬಲವಾದ ತಗ್ಗು ಬರುವುದಿಲ್ಲ. ಇದೇ ಕಾರಣಕ್ಕೆ 3300ರ ಹತ್ತಿರ ಕಾಣುವ N–H ತಗ್ಗು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಎರಡೂ ಚಿತ್ರಗಳಲ್ಲಿ N–H ಉಂಟು. 1510 ಮಾತ್ರ ಒಂದರಲ್ಲಿ ಉಂಟು, ಇನ್ನೊಂದರಲ್ಲಿ ಇಲ್ಲ.

ಈಗ ಹಿಂದಕ್ಕೆ ಹೋಗಿ. 1510 ಇದೆಯೆಂದರೆ ಸರಪಳಿ ಅಮೈಡ್ ಇದೆ. ಅದು ಇದ್ದರೆ 1680 ಅದರದ್ದೇ ಕಾರ್ಬೊನಿಲ್. 1600 ಆಮ್ಲದ್ದು ಎಂದು ಆಗಲೇ ತೀರ್ಮಾನ ಆಗಿದೆ. ಉಳಿದದ್ದು 1770 ಮತ್ತು ಅಣುವಿನಲ್ಲಿ ಉಳಿದ ಒಂದೇ ಕಾರ್ಬೊನಿಲ್. 1820ರಲ್ಲಿ ಏನೂ ಇಲ್ಲ. ಚೌಕದ ಪಕ್ಷಕ್ಕೆ ತಕ್ಕಡಿ ವಾಲಿತು.

ಹಾಗಾದರೆ ಆ 25ರ ಹೆಚ್ಚುವರಿ? ಚೌಕವನ್ನು ಗಂಧಕದ ಉಂಗುರಕ್ಕೆ ಬೆಸೆದ ಮಾದರಿ ಅಣುಗಳನ್ನು ತಯಾರಿಸಿ ನೋಡಿದರೆ ಅವುಗಳ ಕಾರ್ಬೊನಿಲ್ ಕೂಡ ಮೇಲಕ್ಕೇರಿ 1770ರ ನೆರೆಹೊರೆಗೆ ಬರುತ್ತದೆ. ಕಾರಣವನ್ನು ಹಾರ್ವರ್ಡಿನ ರಾಬರ್ಟ್ ವುಡ್‌ವರ್ಡ್ ಹೇಳಿದರು. ಎರಡು ಉಂಗುರ ಬೆಸೆದಾಗ ಮೂಲೆಯಲ್ಲಿರುವ ಸಾರಜನಕ ಚಪ್ಪಟೆಯಾಗಿ ಮಲಗಲು ಆಗುವುದಿಲ್ಲ. ಚಪ್ಪಟೆಯಾಗದಿದ್ದರೆ ಅದು ತನ್ನ ಎಲೆಕ್ಟ್ರಾನ್ ಜೋಡಿಯನ್ನು ಕಾರ್ಬೊನಿಲ್ಲಿಗೆ ಜಾರಿಸಲಾರದು. ಸಾಮಾನ್ಯ ಅಮೈಡಿನ ಸಡಿಲಿಕೆ ಇಲ್ಲಿಲ್ಲ, ಹಾಗಾಗಿ ಶ್ರುತಿ ಏರುತ್ತದೆ. ಅದೇ ಉಸಿರಿನಲ್ಲಿ ಇನ್ನೊಂದು ಒಗಟೂ ಬಿಡಿಸಿಕೊಂಡಿತು. ಸಾದಾ ಬೀಟಾ ಲ್ಯಾಕ್ಟಮ್ ಮೊಂಡಾಗಿರುವಾಗ ಪೆನಿಸಿಲಿನ್ ಯಾಕೆ ತಟ್ಟನೆ ಒಡೆಯುತ್ತದೆ? ಅಮೈಡಿಗೆ ಗಟ್ಟಿತನ ಕೊಡುವುದೇ ಆ ಹಂಚಿಕೆ, ಅದಿಲ್ಲದಿದ್ದರೆ ಯಾರು ಬೇಕಾದರೂ ಬಂದು ಹೊಡೆಯಬಹುದು. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಶಕ್ತಿ ಇರುವುದೂ ಈ ಸಿಡುಕಿನಲ್ಲೇ.

ಆದರೂ ತೀರ್ಪು ಬೇರೆಡೆಯಿಂದ ಬಂತು

ಇನ್‌ಫ್ರಾರೆಡ್ ಒಂದರಿಂದಲೇ ಜಗಳ ಮುಗಿಯಿತು ಎಂದರೆ ಅದು ಉತ್ಪ್ರೇಕ್ಷೆ. ಅಂತಿಮ ತೀರ್ಪು 1945ರಲ್ಲಿ ಡೊರೊತಿ ಹಾಜ್ಕಿನ್ ಅವರ ಎಕ್ಸ್‌ರೇ ಚಿತ್ರಗಳಿಂದ ಬಂತು. ಆಕೆ ಮತ್ತು ಬಾರ್ಬರಾ ಲೋ ಆಕ್ಸ್‌ಫರ್ಡಿನಲ್ಲಿ, ಚಾರ್ಲ್ಸ್ ಬನ್ ಐಸಿಐ ಕಂಪನಿಯಲ್ಲಿ, ಸೋಡಿಯಂ, ಪೊಟ್ಯಾಸಿಯಂ, ರುಬಿಡಿಯಂ ಲವಣಗಳ ಹರಳುಗಳನ್ನು ನೋಡಿ ಪರಮಾಣುಗಳ ಜಾಗವನ್ನೇ ಗುರುತಿಸಿದರು. ಬೆಸೆದ ಚೌಕ ಅಲ್ಲಿ ಎದ್ದು ಕಂಡಿತು. ಕಾರ್ನ್‌ಫೋರ್ತ್ ಅಣಬೆ ಬೆಳೆಯಲಿಲ್ಲ, 1975ರಲ್ಲಿ ಕೆಮಿಸ್ಟ್ರಿಯಲ್ಲೇ ನೊಬೆಲ್ ಪಡೆದರು!

ಇನ್‌ಫ್ರಾರೆಡ್ಡಿಗೆ ಯಾಕೆ ಅಷ್ಟು ಆಗಲಿಲ್ಲ? ಅದು ಗುಂಪುಗಳನ್ನು ಹೇಳುತ್ತದೆ, ಜೋಡಣೆಯನ್ನು ಹೇಳುವುದಿಲ್ಲ. "ಬಿಗಿಯಾದ ಕಾರ್ಬೊನಿಲ್ ಒಂದು, ಅಮೈಡ್ ಒಂದು, ಆಮ್ಲ ಒಂದು" ಎಂಬ ಪಟ್ಟಿ ಅದು. ಆ ಪಟ್ಟಿಗೆ ಹೊಂದುವ ಮೂರನೆಯ ಚಿತ್ರವೊಂದು ಇದ್ದರೆ ಗೆರೆ ಅದನ್ನು ತಳ್ಳಿಹಾಕಲಾರದು. ಅದು ಮಾಡಬಲ್ಲದ್ದು, ಎದುರಿಗಿಟ್ಟ ಚಿತ್ರಗಳಲ್ಲಿ ಯಾವುದು ಹೊಂದುವುದಿಲ್ಲ ಎಂದು ಹೇಳುವುದು. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತು.

ಇನ್ನೊಂದು ಮಿತಿ ಮಾದರಿಯನ್ನು ಇಡುವ ರೀತಿಯದ್ದು. ಪೆನಿಸಿಲಿನ್ ಲವಣ ನೀರಿನಲ್ಲಿ ಕರಗುತ್ತದೆ, ಆದರೆ ನೀರು ಉಪ್ಪಿನ ಕಿಟಕಿಯನ್ನೂ ಕರಗಿಸಿಬಿಡುತ್ತದೆ, ಜೊತೆಗೆ ತಾನೇ 1640ರಲ್ಲಿ ದೊಡ್ಡ ತಗ್ಗು ತೋಡುತ್ತದೆ. ಅದಕ್ಕೆ ಇಂಥ ಘನವಸ್ತುವನ್ನು ಪ್ಯಾರಾಫಿನ್ ಎಣ್ಣೆಯಲ್ಲಿ ಅರೆದು ತೆಳ್ಳಗೆ ಸವರುವುದುಂಟು. ಆಗ ಎಣ್ಣೆಯ ತಗ್ಗುಗಳು 2900, 1460, 1377ರಲ್ಲಿ ಬಂದು ಕೂರುತ್ತವೆ. ಗೊತ್ತಿಲ್ಲದವರು ಅವನ್ನು ಅಣುವಿನ ತಲೆಗೆ ಕಟ್ಟುತ್ತಾರೆ. ಇವತ್ತಿನ ಚಿತ್ರಗಳಲ್ಲೂ 2350ರಲ್ಲಿ ಮೊನಚಾದ ಜೋಡಿ ಕಂಡರೆ ಅದು ಗಾಳಿಯ ಕಾರ್ಬನ್ ಡೈ ಆಕ್ಸೈಡ್. 3400ರಲ್ಲಿ ಅಗಲವಾದ ತಗ್ಗೂ 1640ರಲ್ಲಿ ಸಣ್ಣದೊಂದೂ ಒಟ್ಟಿಗೆ ಕಂಡರೆ ಮಾದರಿ ತೇವ ಹೀರಿದೆಯೇ ಎಂದು ಮೊದಲು ಅನುಮಾನಿಸಬೇಕು. ಚಿತ್ರದ ಮೂಲೆಯಲ್ಲಿ ಮಾದರಿಯನ್ನು ಹೇಗೆ ಇಟ್ಟರು ಎಂದು ಸಾಮಾನ್ಯವಾಗಿ ಬರೆದಿರುತ್ತಾರೆ. ಗೆರೆಗಿಂತ ಮೊದಲು ಆ ಸಾಲು ಓದಿ.

ಪೆನಿಸಿಲಿನ್ ವಿಷಯದಲ್ಲಂತೂ 1770 ಮತ್ತೊಂದು ಬಗೆಯಲ್ಲಿ ತನ್ನ ಗುರುತು ಹೇಳಿಕೊಳ್ಳುತ್ತದೆ. ಪೆನಿಸಿಲಿನ್ನನ್ನು ಕ್ಷಾರದಲ್ಲಿ ಇಟ್ಟರೆ ಚೌಕ ಬಿಚ್ಚಿಕೊಂಡು ಔಷಧಿ ನಿಷ್ಕ್ರಿಯವಾಗುತ್ತದೆ. ಆ ಪದಾರ್ಥದ ಗೆರೆಯಲ್ಲಿ 1770 ಇರುವುದಿಲ್ಲ. ತಗ್ಗು ಹೋದರೆ ಮದ್ದಿನ ಜೀವವೂ ಹೋಯಿತು ಎಂದೇ ಲೆಕ್ಕ.

ಆಮೇಲೆ

ಯುದ್ಧಕಾಲದಲ್ಲಿ ಇಷ್ಟೊಂದು ಜನ ಸೇರಿ ದುಡಿದರೂ ಪೆನಿಸಿಲಿನ್ನನ್ನು ಉಪಯೋಗಕ್ಕೆ ಬರುವಷ್ಟು ಪ್ರಮಾಣದಲ್ಲಿ ಕೃತಕವಾಗಿ ತಯಾರಿಸಲು ಆಗಲಿಲ್ಲ. ಆಕ್ಸಾಝೋಲೋನ್ ಮತ್ತು ಪೆನಿಸಿಲಮಿನ್ ಬೆರೆಸಿದಾಗ ಲೇಶಮಾತ್ರ ಪೆನಿಸಿಲಿನ್ ಹುಟ್ಟುತ್ತಿದ್ದದ್ದು ರಾಬಿನ್ಸನ್ ಚಿತ್ರದ ಮೇಲಿನ ನಂಬಿಕೆಗೆ ನೀರೆರೆದಿತ್ತು ಕೂಡ. ಕೊನೆಗೆ ಎಂಐಟಿಯ ಜಾನ್ ಶೀಹನ್ 1957ರಲ್ಲಿ ಪೆನಿಸಿಲಿನ್ ವಿ ಎಂಬುದನ್ನು ಹಂತ ಹಂತವಾಗಿ ಕಟ್ಟಿದರು. ಅಷ್ಟು ವರ್ಷ ತಡೆದದ್ದು ಅದೇ ಪುಟ್ಟ ಚೌಕ. ಅದನ್ನು ಮುಚ್ಚುವಷ್ಟು ಮೃದುವಾದ ವಿಧಾನ ಮುಂಚೆ ಇರಲಿಲ್ಲ.

ಯುದ್ಧದ ಈ ಕೆಲಸವೆಲ್ಲ 1949ರಲ್ಲಿ ದಪ್ಪ ಪುಸ್ತಕವಾಗಿ ಹೊರಬಂತು. ಅದರ ಬೆನ್ನಿಗೇ 1950ರಲ್ಲಿ ನಾರ್ಮನ್ ಕೋಲ್ಥಪ್ ಯಾವ ಗುಂಪು ಎಲ್ಲಿ ಹೀರುತ್ತದೆ ಎಂಬ ಪಟ್ಟಿಯನ್ನು ಒಂದೇ ನಕ್ಷೆಯಲ್ಲಿ ಹಾಕಿಕೊಟ್ಟರು, 1954ರಲ್ಲಿ ಬೆಲ್ಲಮಿ ಪುಸ್ತಕ ಬರೆದರು. ಇಂದಿಗೂ ಕಾಲೇಜಿನ ಲ್ಯಾಬಿನ ಗೋಡೆಯಲ್ಲಿ ತೂಗುವ ನಕ್ಷೆಗಳು ಅವುಗಳದ್ದೇ ಮರಿಮಕ್ಕಳು. ನಿಮ್ಮ ಮನೆಯ ಔಷಧಿ ಡಬ್ಬಿಯಲ್ಲಿ ಅಮಾಕ್ಸಿಸಿಲಿನ್ ಇದ್ದರೆ, ಅದರ ಒಳಗೂ ಅದೇ ಚೌಕ ಇದೆ, ಗೆರೆ ಎಳೆದರೆ ಅದೇ 1770ರ ನೆರೆಯಲ್ಲಿ ತಗ್ಗು.

ಕೊನೆಗೆ ನಿಮಗೊಂದು ಮನೆಗೆಲಸ. ಜಪಾನಿನವರ SDBS ಎಂಬ ಉಚಿತ ತಾಣದಲ್ಲಿ ಸಾವಿರಾರು ಸ್ಪೆಕ್ಟ್ರಮ್ ಚಿತ್ರಗಳಿವೆ. ಅದರಲ್ಲಿ ಆಸ್ಪಿರಿನ್ ಹುಡುಕಿ. ಕಾರ್ಬೊನಿಲ್ ಕಿಟಕಿಯಲ್ಲಿ 1750 ಮತ್ತು 1690ರ ಆಸುಪಾಸು ಎರಡು ತಗ್ಗು ಕಾಣುತ್ತವೆ, ಎಡಗಡೆ 3300ರಿಂದ 2500ರವರೆಗೆ ಗೆರೆ ಹಳೇ ಚಾಪೆಯ ಹಾಗೆ ಜೋಲುಬಿದ್ದಿರುತ್ತದೆ. ಅಣುವಿನಲ್ಲಿ ಕಾರ್ಬೊನಿಲ್ ಇರುವುದು ಎರಡೇ. ಯಾವುದು ಯಾವುದರದ್ದು, ಆ ಚಾಪೆ ಯಾರದ್ದು? ಮೇಲೆ ಹೇಳಿದ ನಿಯಮಗಳಲ್ಲೇ ಮುಕ್ಕಾಲು ಉತ್ತರ ಇದೆ. ಅಳತೆಪಟ್ಟಿ 2000ದಲ್ಲಿ ಬದಲಾಗುತ್ತದೆ ಎಂಬುದನ್ನು ಮರೆಯಬೇಡಿ. ಗೊತ್ತಾದವರು ಕಮೆಂಟಿನಲ್ಲಿ ಬರೆಯಿರಿ.